ಬೆಳಿಗ್ಗೆದು ತಪ್ಪಿಸಲ್ಲ

ಭಾಷಾವಿಜ್ಞಾನ ಓದಿ ಮುಗಿಸಿದ ಮೇಲೆ ಒಂದು ಆರೋಗ್ಯ ಸಮೀಕ್ಷೆಯಲ್ಲಿ ಕೆಲಸ ಸಿಕ್ಕಿತು. ಹೊಸನಗರ ತಾಲ್ಲೂಕಿನ ಹಳ್ಳಿಗಳಲ್ಲಿ ಬಿಪಿ ಇರುವವರ ಮನೆಗೆ ತಿಂಗಳಿಗೊಮ್ಮೆ ಹೋಗಿ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳಿ ಬರೆದುಕೊಳ್ಳಬೇಕು. ಫಾರಂನಲ್ಲಿ ಇದ್ದದ್ದು ಎರಡೇ ಚೌಕ, ಹೌದು ಮತ್ತು ಇಲ್ಲ.

ಒಂದು ಮನೆಯ ಅಜ್ಜಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಜಗಲಿಯಲ್ಲಿ ಕೂತು ಕೇಳಿದೆ: "ಮಾತ್ರೆ ತಗಳ್ತಿದೀರಾ ಅಮ್ಮಾ?"

"ಹ್ಞೂಂ ಮಾರಾಯ್ತಿ, ಬೆಳಿಗ್ಗೆದು ತಪ್ಪಿಸಲ್ಲ."

ಹೌದು ಎಂಬ ಚೌಕಕ್ಕೆ ಗುರುತು ಹಾಕಿ ಎದ್ದು ಬಂದೆ. ಮುಂದಿನ ಸಲ ಹೋದಾಗ ಮಾತ್ರೆ ಡಬ್ಬಿ ತರಿಸಿ ನೋಡಿದೆ. ಎರಡೂ ಮೂವತ್ತು ಮೂವತ್ತು ಕೊಟ್ಟು ಇಪ್ಪತ್ತು ದಿನ ಆಗಿತ್ತು. ಬೆಳಿಗ್ಗೆಯದು ಲೆಕ್ಕಕ್ಕೆ ಸರಿಯಾಗಿ ಹತ್ತು ಉಳಿದಿತ್ತು. ರಾತ್ರಿಯದು ಇಪ್ಪತ್ತಾರು.

ಅಜ್ಜಿ ಸುಳ್ಳು ಹೇಳಿರಲಿಲ್ಲ. ಹೇಳಬೇಕಾದದ್ದನ್ನು ಅವರ ರೀತಿಯಲ್ಲಿ ಹೇಳಿಯೇ ಇದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಅದೂ ನಾನೇ ಓದಿದ ಪಾಠ. ತತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಬಿಡಿಸಿಟ್ಟ ವಿಷಯ ಇದು: ಮಾತಾಡುವವರು ಆ ಹೊತ್ತಿಗೆ ಎಷ್ಟು ಬೇಕೋ ಅಷ್ಟು ಹೇಳುತ್ತಾರೆ ಎಂದು ಕೇಳುವವರು ನಂಬಿರುತ್ತಾರೆ, ಆ ನಂಬಿಕೆಯಿಂದಲೇ ಹೇಳದೆ ಬಿಟ್ಟದ್ದಕ್ಕೂ ಅರ್ಥ ಹುಟ್ಟುತ್ತದೆ. ಅದೇ ಸೂಚ್ಯಾರ್ಥ. ನಾನು ಕೇಳಿದ್ದು ಒಟ್ಟು ಮಾತ್ರೆಯ ಬಗ್ಗೆ. ಎರಡನ್ನೂ ತೆಗೆದುಕೊಳ್ಳುತ್ತಿದ್ದರೆ "ತಗಳ್ತಿದೀನಿ" ಎಂದರೆ ಸಾಕಿತ್ತು, ಅದು ಹೇಳಲೂ ಸುಲಭ. ಅದನ್ನು ಬಿಟ್ಟು "ಬೆಳಿಗ್ಗೆದು" ಎಂದು ಕಿರಿದು ಮಾಡಿದರು ಅಂದರೆ ರಾತ್ರಿಯದರ ಕಥೆ ಬೇರೆ ಇದೆ.

ಆದರೆ ಇದು ಅವರ ವಾಕ್ಯದೊಳಗಿನ ಅರ್ಥವಲ್ಲ. ಪರೀಕ್ಷಿಸುವುದು ಸುಲಭ. "ಬೆಳಿಗ್ಗೆದು ತಪ್ಪಿಸಲ್ಲ, ರಾತ್ರಿದೂ ತಪ್ಪಿಸಲ್ಲ" ಎಂದು ಮುಂದುವರಿಸಿದರೆ ಮಾತು ಎಲ್ಲೂ ಮುರಿಯುವುದಿಲ್ಲ. "ಬೆಳಿಗ್ಗೆದು ಮಾತ್ರ ತಗಳ್ತೀನಿ, ರಾತ್ರಿದೂ ತಗಳ್ತೀನಿ" ಎಂದು ನೋಡಿ, ಮಾತಿಗೆ ಮಾತೇ ಅಡ್ಡ ಬರುತ್ತದೆ. 'ಮಾತ್ರ' ಎಂದಾಗ ಅರ್ಥ ಪದದಲ್ಲೇ ಇದೆ, ಹಿಂತೆಗೆಯಲು ಬರುವುದಿಲ್ಲ. ಸೂಚ್ಯಾರ್ಥವನ್ನು ಹಿಂತೆಗೆಯಬಹುದು. ಹಾಗಾಗಿ ಅದನ್ನು ಊಹಿಸಿದ ಮೇಲೆ ಕೇಳಿ ಖಚಿತ ಮಾಡಿಕೊಳ್ಳಲೇಬೇಕು.

ಕೇಳಿದೆ. "ರಾತ್ರಿದು?" ಅಜ್ಜಿ ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದರು. ಅದನ್ನು ತೆಗೆದುಕೊಂಡರೆ ನಡುರಾತ್ರಿ ಏಳುವಾಗ ತಲೆ ಸುತ್ತುತ್ತದಂತೆ. ಪಾಯಿಖಾನೆ ಅಂಗಳದ ಆಚೆ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ನಡೆದು ಹೋಗಬೇಕು. ಬಿದ್ದರೆ ಎತ್ತುವವರಿಲ್ಲ. ಡಾಕ್ಟರ ಮಾತ್ರೆ ಬಿಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದು ಅವರಿಗೆ ಮರ್ಯಾದೆಯಾಗಿ ಕಂಡಿರಲಿಲ್ಲ.

ಆ ದಿನದಿಂದ ಉತ್ತರವನ್ನು ಅವರು ಹೇಳಿದ ಪದಗಳಲ್ಲೇ ಫಾರಂನ ಅಂಚಿನಲ್ಲಿ ಬರೆದುಕೊಳ್ಳತೊಡಗಿದೆ, ಅದರ ಮೇಲೆ ನನ್ನ ಪ್ರಶ್ನೆಯನ್ನೂ. ಪ್ರಶ್ನೆ ಇಲ್ಲದಿದ್ದರೆ ಉತ್ತರದ ಇಂಗಿತ ತಿಳಿಯುವುದಿಲ್ಲ. "ಬೆಳಿಗ್ಗೆ ಮಾತ್ರೆ ತಗಂಡ್ರಾ?" ಎಂದು ಕೇಳಿ "ಬೆಳಿಗ್ಗೆದು ತಗಂಡೆ" ಎಂಬ ಉತ್ತರ ಬಂದರೆ ರಾತ್ರಿಯ ಬಗ್ಗೆ ಅದರಲ್ಲಿ ಏನೂ ಇಲ್ಲ, ಕೇಳಿದ್ದಕ್ಕೆ ಹೇಳಿದರು ಅಷ್ಟೆ.

ಇಷ್ಟು ಕಲಿತ ಹುಮ್ಮಸ್ಸಿನಲ್ಲಿ ಇನ್ನೊಂದು ಕಡೆ ಎಡವಿದೆ. ಅಲ್ಲಿ ಅತ್ತೆಯ ಪರವಾಗಿ ಸೊಸೆ ಉತ್ತರ ಕೊಟ್ಟರು. "ಅತ್ತೆ ಮಾತ್ರೆ ಸರಿಯಾಗಿ ತಗಳ್ತಿದಾರಾ?" "ಬೆಳಿಗ್ಗೆದು ತಗಳ್ತಾರೆ." ಅದೇ ಉತ್ತರ, ಅದೇ ಬಗೆಯ ಪ್ರಶ್ನೆ. ರಾತ್ರಿಯದು ತಪ್ಪುತ್ತಿದೆ ಎಂದು ಬರೆದುಬಿಟ್ಟೆ. ಡಬ್ಬಿ ನೋಡಿದರೆ ಎರಡೂ ಸಮನಾಗಿ ಖಾಲಿಯಾಗಿದ್ದವು. ರಾತ್ರಿ ಮಾತ್ರೆ ಕೊಡುತ್ತಿದ್ದವನು ಮೊಮ್ಮಗ. ಸೊಸೆ ತಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿದ್ದರು.

ನಾನು ಹಾರಿಬಿಟ್ಟ ಮೆಟ್ಟಿಲು ಅದು. ಕಡಿಮೆ ಹೇಳಿದಾಗ ಮೊದಲು ತಿಳಿಯುವುದು, ಹೆಚ್ಚಿನದನ್ನು ಹೇಳಲು ಅವರಿಗೆ ಆಧಾರವಿಲ್ಲ ಎಂದಷ್ಟೆ. ಹೆಚ್ಚಿನದು ನಡೆದೇ ಇಲ್ಲ ಎನ್ನಬೇಕಾದರೆ, ಹೇಳುವವರಿಗೆ ಪೂರ್ತಿ ವಿಷಯ ಗೊತ್ತಿರಬೇಕು. ಅಜ್ಜಿಗೆ ತಾನು ನುಂಗಿದ ಮಾತ್ರೆ ಗೊತ್ತು. ಸೊಸೆಗೆ ಗೊತ್ತಿದ್ದದ್ದು ಅರ್ಧ. ಈಗ ಮನೆಯವರು ಉತ್ತರಿಸಿದರೆ "ರಾತ್ರಿ ಕೊಡೋರು ಯಾರು?" ಎಂದು ಮೊದಲು ಕೇಳುತ್ತೇನೆ.

ಅಜ್ಜಿಯ ತಲೆಸುತ್ತಿನ ವಿಷಯ ಡಾಕ್ಟರಿಗೆ ತಲುಪಿಸಿದೆ. ಅವರು ಪರೀಕ್ಷಿಸಿ ಮಾತ್ರೆ ಬದಲಾಯಿಸಿ ಕೊಟ್ಟರು. ಮುಂದಿನ ತಿಂಗಳು ಜಗಲಿ ಹತ್ತುವಷ್ಟರಲ್ಲೇ ಅಜ್ಜಿ, "ಎರಡೂ ತಗಳ್ತಿದೀನಿ ಮಾರಾಯ್ತಿ" ಎಂದರು. ಡಬ್ಬಿಯನ್ನು ಅವರೇ ತಂದು ಮುಂದಿಟ್ಟರು.