ಸ್ಟಾರ್ ಪಟ್ಟಿ ಕಿತ್ತ ಮೇಲೆ

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಜಡಿಮಳೆ. ಆರನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ತೆಗೆದುಕೊಂಡು ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ, ವಾಪಸ್ ತಂದು ಕೈಯೊಡ್ಡಿದಳು. ಸ್ಟಾರ್ ಬೇಕಿತ್ತು. "ಕಥೆಯಲ್ಲಿ ಏನಾಯ್ತು ಹೇಳು" ಅಂದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಅದನ್ನೂ ಹೇಳ್ಬೇಕಾ ಅಕ್ಕೋರೆ? ಸ್ಟಾರು ಓದಿದ್ದಕ್ಕಲ್ವಾ?"

ನಮ್ಮದು ಶಿರಸಿಯಿಂದ ಸ್ವಲ್ಪ ಒಳಗಿರುವ ಹಳ್ಳಿ ಶಾಲೆ. ಐದು ಮತ್ತು ಆರನೇ ತರಗತಿ ಸೇರಿ ನನ್ನ ಹತ್ತಿರ 23 ಮಕ್ಕಳಿದ್ದರು. ಜೂನ್‌ನಲ್ಲಿ ತರಗತಿಯ ಮೂಲೆಯಲ್ಲಿ ಒಂದು ಹಗ್ಗ ಕಟ್ಟಿ ಪುಸ್ತಕ ನೇತುಹಾಕಿದ್ದೆ. ವಾರ ಕಳೆದ ಮೇಲೆ ಪಕ್ಕದಲ್ಲೇ ಹೆಸರಿನ ಪಟ್ಟಿ. ಒಂದು ಪುಸ್ತಕಕ್ಕೆ ಒಂದು ಸ್ಟಾರ್, ಹತ್ತು ಸ್ಟಾರ್ ಆದರೆ ಒಂದು ಪೆನ್. ಮೊದಲ ತಿಂಗಳು ಪುಸ್ತಕದ ವಹಿ ನೋಡಿ ನನಗೇ ಖುಷಿಯಾಗಿತ್ತು. ಪುಟ ತುಂಬಿ ಹೋಗಿತ್ತು. ಹೆಡ್ ಮಾಸ್ತರು ಅದನ್ನು ಬಂದವರಿಗೆಲ್ಲ ತೋರಿಸಿದರು.

ಆ ಹುಡುಗಿಯ ಮಾತು ಕೇಳಿದ ಸಂಜೆ ವಹಿಯನ್ನು ಬೇರೆ ಥರ ನೋಡಿದೆ. ಎಷ್ಟು ಪುಸ್ತಕ ಅಂತಲ್ಲ, ಯಾವ ಪುಸ್ತಕ ಅಂತ. ಎಂಟು ಪುಟ, ಹನ್ನೆರಡು ಪುಟದ ಚಿತ್ರದ ಪುಸ್ತಕಗಳೇ ಸುತ್ತಿ ಸುತ್ತಿ ಹೋಗಿದ್ದವು. ಸ್ವಲ್ಪ ದಪ್ಪಗಿದ್ದದ್ದನ್ನು ಯಾರೂ ಮುಟ್ಟಿರಲಿಲ್ಲ. ಜೂನ್ ಮೊದಲ ವಾರ, ಪಟ್ಟಿ ಹಾಕುವ ಮುಂಚೆ, ಅವೇ ದಪ್ಪ ಪುಸ್ತಕಗಳು ನಾಲ್ಕೈದು ಕೈ ದಾಟಿದ್ದವು.

ಇದನ್ನು ವಿವರಿಸುವ ಸಿದ್ಧಾಂತವೊಂದಿದೆ, ಹಿಂದೆ ತರಬೇತಿಯಲ್ಲಿ ಕೇಳಿದ್ದೆ. ಸೆಲ್ಫ್ ಡಿಟರ್ಮಿನೇಷನ್ ಥಿಯರಿ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ್ದು. ಕೆಲಸದ ರುಚಿಗೇ ಕೆಲಸ ಮಾಡುವುದು ಒಳಗಿನ ಪ್ರೇರಣೆ. ಅದರಿಂದ ಬೇರೇನೋ ಸಿಗುತ್ತದೆ ಅಂತ ಮಾಡುವುದು ಹೊರಗಿನ ಪ್ರೇರಣೆ. ಇಷ್ಟು ಪರೀಕ್ಷೆಗೆ ಬರೆದಿದ್ದೆ, ಮರೆತಿದ್ದೆ. ಈಗ ಹುಡುಕಿ ಓದಿದಾಗ ನನಗೆ ಹಿಡಿಸಿದ್ದು ಸಿದ್ಧಾಂತಕ್ಕಿಂತ ಜಾಸ್ತಿ, ಡೆಸಿ ಅದನ್ನು ಅಳೆದ ರೀತಿ.

1971ರಲ್ಲಿ ಪ್ರಕಟವಾದ ಪ್ರಯೋಗ ಅದು. ಕಾಲೇಜು ಹುಡುಗರಿಗೆ ಸೋಮಾ ಅನ್ನುವ, ತುಂಡು ಜೋಡಿಸುವ ಆಟ ಕೊಟ್ಟರು. ಮೂರು ಸಲ ಕರೆದರು. ಎರಡನೇ ಸಲ ಒಂದು ಗುಂಪಿಗೆ ಮಾತ್ರ, ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್. ಮೂರನೇ ಸಲ ಯಾರಿಗೂ ದುಡ್ಡಿಲ್ಲ. ಪ್ರತಿ ಸಲವೂ ನಡುವೆ ಡೆಸಿ ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ಪತ್ರಿಕೆಗಳೂ ಇರುತ್ತಿದ್ದವು. ಆ ಎಂಟು ನಿಮಿಷ ಹುಡುಗರು ಏನು ಮಾಡುತ್ತಾರೆ ಅನ್ನುವುದೇ ಲೆಕ್ಕ. ದುಡ್ಡು ಪಡೆದವರು ಮೂರನೇ ಸಲ ಆಟದ ಮೇಲೆ ಮೊದಲಿಗಿಂತ ಕಡಿಮೆ ಹೊತ್ತು ಕಳೆದರು.

ಅಂದರೆ ಯಾರೂ ನೋಡದಾಗ, ಏನೂ ಸಿಗದಾಗ ಏನು ಮಾಡುತ್ತಾರೆ ಅಂತ ನೋಡಬೇಕು. ವಹಿಯಿಂದ ಅದು ಗೊತ್ತಾಗುವುದಿಲ್ಲ. ನಾನು ಎಣಿಸಿದ್ದು ಸ್ಟಾರನ್ನು, ಓದನ್ನಲ್ಲ.

ಆಗಸ್ಟ್ ಮೊದಲ ದಿನ ಪಟ್ಟಿ ಕಿತ್ತೆ. ಇದನ್ನು ಒಮ್ಮೆಲೇ ಮಾಡಬಾರದಿತ್ತೋ ಏನೋ, ಇವತ್ತಿಗೂ ಅನುಮಾನ ಇದೆ. ಮಕ್ಕಳಿಗೆ ಶಿಕ್ಷೆ ಕೊಟ್ಟ ಹಾಗಾಯಿತು. ಎಂಟು ಸ್ಟಾರ್ ಆಗಿದ್ದವನು ಅತ್ತೇಬಿಟ್ಟ. ಆಮೇಲೆ ಬುದ್ಧಿ ಬಂದು, ಸ್ಟಾರ್ ಎಷ್ಟಿದ್ದರೂ ಎಲ್ಲರಿಗೂ ಪೆನ್ ಕೊಟ್ಟು ಆ ಲೆಕ್ಕ ಮುಗಿಸಿದೆ.

ಎಣಿಸುವ ಕೆಲಸ ಹೀಗಿತ್ತು. ಮಳೆಯಿಂದಾಗಿ ಆಟದ ಪಿರಿಯಡ್ ಒಳಗೇ ನಡೆಯುತ್ತಿತ್ತು. ಕೇರಂ ಬೋರ್ಡ್, ಬಣ್ಣದ ಪೆನ್ಸಿಲ್, ಜೇಡಿಮಣ್ಣು, ಪುಸ್ತಕ ಎಲ್ಲ ಇಟ್ಟು "ಏನು ಬೇಕಾದ್ರೂ ಮಾಡಿ" ಅಂತ ಹೊರಗೆ ಹೋಗುತ್ತಿದ್ದೆ. ಮೊದಲ ಸಲ ಕಿಟಕಿಯಿಂದ ನಾನೇ ಇಣುಕಿದೆ. ಒಬ್ಬಳು ನನ್ನ ಸೀರೆ ಕಂಡದ್ದೇ ತಡ, ಮಣ್ಣಿನ ಕೈಯಲ್ಲೇ ಪುಸ್ತಕ ಎತ್ತಿಕೊಂಡಳು! ಪಕ್ಕದವನೂ ಎತ್ತಿದ. ಆ ದಿನದ ಲೆಕ್ಕ ಕೈಬಿಟ್ಟೆ. ಮುಂದೆ ಬಿಸಿಯೂಟದ ಅಡುಗೆಯಕ್ಕನಿಗೆ ಹೇಳಿದೆ. ಅವಳು ತಟ್ಟೆ ಎಣಿಸುತ್ತಾ ಆ ಕಡೆ ಓಡಾಡುವುದು ಮಾಮೂಲು, ಮಕ್ಕಳು ತಲೆಯನ್ನೂ ಎತ್ತುವುದಿಲ್ಲ. ಪುಸ್ತಕ ಹಿಡಿದವರನ್ನು ಬೆರಳಲ್ಲಿ ಎಣಿಸಿ ಬಂದು ಹೇಳುತ್ತಿದ್ದಳು.

ಪಟ್ಟಿ ಕಿತ್ತ ವಾರ 23ರಲ್ಲಿ ನಾಲ್ಕು. ಅದರ ಮುಂದಿನ ವಾರ ಮೂರು. ಜೂನ್‌ನಲ್ಲಿ, ಸ್ಟಾರ್ ಶುರುವಾಗುವ ಮುಂಚೆ ಎಣಿಸಿದ್ದರೆ ಎಷ್ಟಿರುತ್ತಿತ್ತು? ಎಣಿಸಿರಲಿಲ್ಲ. ಅದು ನನ್ನದೇ ತಪ್ಪು. ಯಾರಾದರೂ ಇಂಥದ್ದು ಮಾಡುವುದಾದರೆ ಬಹುಮಾನ ಶುರು ಮಾಡುವ ಮುಂಚೆಯೇ ಎರಡು ವಾರ ಹೀಗೆ ಎಣಿಸಿಟ್ಟುಕೊಳ್ಳಿ.

ಬಹುಮಾನವೇ ವಿಷ ಅಂತ ನಾನು ಹೇಳುತ್ತಿಲ್ಲ. ಅದು ಯಾವಾಗ ಕೆಡಿಸುತ್ತದೆ ಅನ್ನುವುದಕ್ಕೆ 1973ರ ಇನ್ನೊಂದು ಪ್ರಯೋಗ ಚೆನ್ನಾಗಿದೆ. ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಮಾಡಿದ್ದು. ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದರು. ಎರಡನೇ ಗುಂಪಿಗೆ ಏನೂ ಹೇಳದೆ ಕೊನೆಯಲ್ಲಿ ಅದನ್ನೇ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮೊದಲೇ ಹೇಳಿಸಿಕೊಂಡ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅಚಾನಕ್ಕಾಗಿ ಸಿಕ್ಕವರಿಗೆ ಏನೂ ಆಗಿರಲಿಲ್ಲ. ಕೊಟ್ಟ ವಸ್ತು ಒಂದೇ. ಕೆಡಿಸಿದ್ದು "ಇದು ಮಾಡಿದ್ರೆ ಅದು ಕೊಡ್ತೀನಿ" ಅನ್ನುವ ಕರಾರು. ಅದೂ ಮೊದಲೇ ಇಷ್ಟವಿದ್ದ ಕೆಲಸಕ್ಕೆ. ಇಷ್ಟವೇ ಇಲ್ಲದ ಕೆಲಸದಲ್ಲಿ ಕಳೆದುಕೊಳ್ಳುವುದಕ್ಕೆ ಇರುವುದಾದರೂ ಏನು?

ಈ ಕೊನೆಯ ಮಾತು ನನಗೆ ಅರ್ಥವಾದದ್ದು ತಮ್ಮನ ಅಂಗಳದಲ್ಲಿ. ಅವನದು ಅಡಿಕೆ ತೋಟ. ಅಡಿಕೆ ಗೊನೆ ಕೊಯ್ಲಿನ ಸಮಯದಲ್ಲಿ ರಾತ್ರಿ ಹಸಿ ಅಡಿಕೆ ಸುಲಿಯಲು ಊರಿನ ಹೆಂಗಸರು ಬರುತ್ತಾರೆ. ಮೆಟ್ಟುಗತ್ತಿ ಮುಂದೆ ಕೂತರೆ ಅದೇ ಕೆಲಸ, ಸಾವಿರ ಸಲ. ಸುಲಿದಷ್ಟಕ್ಕೆ ಕೂಲಿ. ಇದರಿಂದ ಯಾರ ಒಳಗಿನ ಪ್ರೇರಣೆಯೂ ಕೆಟ್ಟಿಲ್ಲ, ಯಾಕೆಂದರೆ ಅಡಿಕೆ ಸುಲಿಯುವ ಆಸೆಯಿಂದ ಯಾರೂ ಬಂದಿರುವುದಿಲ್ಲ. ಮನೆ ನಡೆಸುವುದಕ್ಕೆ ಬರುತ್ತಾರೆ, ಕೂಲಿ ಸರಿಯಾಗಿ ಸಿಗಬೇಕು ಅಷ್ಟೇ. ಆದರೆ ಒಂದು ವರ್ಷ ತಮ್ಮ, ರಾತ್ರಿ ಎಲ್ಲರಿಗಿಂತ ಜಾಸ್ತಿ ಸುಲಿದವರಿಗೆ ಇನ್ನೂರು ರೂಪಾಯಿ ಅಂದ. ಮೂರೇ ದಿನದಲ್ಲಿ ಕತ್ತಿ ತಾಗಿ ಗಾಯವಾದ ಅಡಿಕೆ ಜಾಸ್ತಿಯಾಯಿತು. ಹಾಡು, ಹರಟೆ ನಿಂತಿತು. ಒಬ್ಬ ವಯಸ್ಸಾದ ಅಮ್ಮ, ಕೈ ನಿಧಾನ, ಆದರೆ ಒಂದು ಅಡಿಕೆಯನ್ನೂ ಕೆಡಿಸದವಳು, ಬರುವುದನ್ನೇ ಬಿಟ್ಟಳು. "ಎಲ್ರ ಎದ್ರಿಗೆ ಕಡೆಗೆ ಬಂದೆ ಅನ್ನಿಸ್ಕಳದು ಯಂತಕ್ಕೆ" ಅಂದಳಂತೆ. ಅಲ್ಲಿ ಹಾಳಾದದ್ದು ಕೆಲಸದ ರುಚಿ ಅಲ್ಲ, ಜೊತೆಗೆ ಕೂರುವ ಖುಷಿ ಮತ್ತು ತನ್ನ ಕೈಗೆ ಬರುತ್ತದೆ ಅನ್ನುವ ಧೈರ್ಯ.

ಡೆಸಿ ಮತ್ತು ರಯಾನ್ ಹೇಳುವ ಮೂರು ಅಗತ್ಯಗಳಲ್ಲಿ ಇವು ಎರಡು. ನಂಟು, ಸಾಮರ್ಥ್ಯ. ಮೂರನೆಯದು ಸ್ವಾಯತ್ತತೆ, ಅಂದರೆ ಇದನ್ನು ನಾನೇ ಒಪ್ಪಿ ಮಾಡುತ್ತಿದ್ದೇನೆ ಅನ್ನುವ ಭಾವ. ಒಬ್ಬನೇ ಮಾಡುವುದು ಅಂತ ಅರ್ಥವಲ್ಲ, ಇಷ್ಟ ಬಂದ ಹಾಗೆ ಮಾಡುವುದು ಅಂತಲೂ ಅಲ್ಲ.

ನಾನು ತರಗತಿಯಲ್ಲಿ ಬದಲಾಯಿಸಿದ್ದು ಎರಡೇ ವಿಷಯ. ಮೊದಲನೆಯದು, ಮಕ್ಕಳೇ ಪುಸ್ತಕ ಆರಿಸುವುದು ಮತ್ತು ಬೇಡವೆನಿಸಿದರೆ ಅರ್ಧಕ್ಕೇ ವಾಪಸ್ ಕೊಡುವುದು. ಅರ್ಧಕ್ಕೆ ಬಿಡುವ ಸ್ವಾತಂತ್ರ್ಯ ಕೊಟ್ಟ ಮೇಲೆ ದಪ್ಪ ಪುಸ್ತಕ ಮತ್ತೆ ಹೊರಟವು. ಮುಗಿಸಲೇಬೇಕು ಅನ್ನುವ ಭಯ ಹೋಗಿತ್ತು.

ಎರಡನೆಯದು ಒಬ್ಬ ಹುಡುಗನಿಂದ ಆದದ್ದು. ಸ್ಟಾರ್ ಪಟ್ಟಿಯಲ್ಲಿ ಅವನ ಸಾಲು ಖಾಲಿ. ಸೋಮಾರಿ ಅಂದುಕೊಂಡಿದ್ದೆ. ನಿಜವಾಗಿ ಒತ್ತಕ್ಷರ ಬಂದರೆ ಓದು ಅಲ್ಲೇ ನಿಲ್ಲುತ್ತಿತ್ತು. ಅದಕ್ಕೆ ಸ್ಟಾರೂ ಔಷಧಿಯಲ್ಲ, ಸ್ವಾಯತ್ತತೆಯೂ ಅಲ್ಲ. ಓದು ಬರಬೇಕು, ಅಷ್ಟೇ. ದಿನಾ ಊಟದ ನಂತರ ಹತ್ತು ನಿಮಿಷ ಅವನ ಜೊತೆ ಕೂತೆ. ಅವನ ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿದ್ದವು. ಹಾಗಾಗಿ ಜೇನಿನ ಬಗ್ಗೆ ದೊಡ್ಡ ಅಕ್ಷರದ ಪುಸ್ತಕ ಹಿಡಿದೆವು. ಓದುತ್ತಾ "ಇದು ಸರಿ ಇಲ್ಲ ಅಕ್ಕೋರೆ, ನಮ್ಮನೇಲಿ ಹಿಂಗಲ್ಲ" ಅಂತ ಪುಸ್ತಕವನ್ನೇ ತಿದ್ದಿದ! ಅಕ್ಟೋಬರ್‌ನಲ್ಲಿ ಎರಡನೇ ತರಗತಿಯ ಮಕ್ಕಳಿಗೆ ಅದನ್ನು ಓದಿ ಹೇಳಿದ.

ಹೊಗಳಿಕೆ ಬಗ್ಗೆ ಒಂದು ಮಾತು. ಡೆಸಿ, ಕೋಸ್ಟ್ನರ್, ರಯಾನ್ 1999ರಲ್ಲಿ 128 ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಬಾಯಿಮಾತಿನ ಮೆಚ್ಚುಗೆ ಕಾಲೇಜಿನವರಲ್ಲಿ ಆಸಕ್ತಿ ಹೆಚ್ಚಿಸಿತ್ತು, ಚಿಕ್ಕ ಮಕ್ಕಳಲ್ಲಿ ಆ ಪರಿಣಾಮ ಕಾಣಲಿಲ್ಲ. ಮೆಚ್ಚುಗೆಯೂ ಹಿಡಿತದ ದನಿಯಲ್ಲಿದ್ದರೆ ಕೆಡಿಸುತ್ತದೆ. "ಶಾಭಾಸ್, ನಾನು ಹೇಳಿದ ಹಾಗೇ ಮಾಡಿದೆ" ಅನ್ನುವುದು ನನ್ನ ಬಾಯಿಗೆ ಅಭ್ಯಾಸವಾಗಿತ್ತು. ಈಗ "ಈ ಸಲ ಒತ್ತಕ್ಷರದಲ್ಲಿ ನಿಲ್ಲಲಿಲ್ಲ ನೋಡು" ಅನ್ನುತ್ತೇನೆ.

ಮಗ್ಗಿ ಮಾತ್ರ ಬೇರೆ ಕಥೆ. ಅದು ಬೇಜಾರಿನ ಕೆಲಸ, ಅದನ್ನು ಆಟ ಅಂತ ನಟಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಡೆಸಿ ಮತ್ತು ಜೊತೆಗಾರರು 1994ರಲ್ಲಿ, ಪರದೆಯ ಮೇಲೆ ಚುಕ್ಕೆ ಮಿನುಗಿದಾಗೆಲ್ಲ ಕೀ ಒತ್ತುವ ನೀರಸ ಕೆಲಸ ಕೊಟ್ಟು ನೋಡಿದ್ದರು. ಯಾಕೆ ಮಾಡಬೇಕು ಅಂತ ಕಾರಣ ಹೇಳುವುದು, ಬೇಜಾರಾಗುತ್ತದೆ ಅಂತ ಒಪ್ಪಿಕೊಳ್ಳುವುದು, "ಮಾಡಲೇಬೇಕು" ಅನ್ನದೆ ಮಾತಾಡುವುದು. ಈ ಮೂರರಲ್ಲಿ ಕನಿಷ್ಠ ಎರಡಿದ್ದಾಗ ಜನ ಅದನ್ನು ತಮ್ಮದು ಅಂತ ಒಪ್ಪಿಕೊಂಡು ಮಾಡಿದರು. ನಾನೂ ಹಾಗೇ ಹೇಳಿದೆ. "ಬೇಜಾರೇ, ನನಗೂ ಆಗ್ತಿತ್ತು. ಆದ್ರೆ ಮಗ್ಗಿ ಬರದಿದ್ರೆ ಭಾಗಾಕಾರದಲ್ಲಿ ಪ್ರತಿ ಸಲ ನಿಲ್ತೀರಿ. ಹದಿಮೂರರದ್ದು ಮೊದಲಾ, ಹದಿನೇಳರದ್ದಾ, ನೀವೇ ಹೇಳಿ." ಕುಣಿದಾಡಲಿಲ್ಲ. ಕಲಿತರು.

ನವೆಂಬರ್‌ಗೆ ಮಳೆ ಪೂರ್ತಿ ನಿಂತು ಮೈದಾನ ಒಣಗಿತು. ಎಣಿಕೆ ಹಾಳಾಗುತ್ತದೆ ಅಂದುಕೊಂಡೆ, ಹೊರಗೆ ಕಬಡ್ಡಿ ಇರುವಾಗ ಒಳಗೆ ಯಾರು ಕೂರುತ್ತಾರೆ? ಅಡುಗೆಯಕ್ಕ ಬಂದು ಎಂಟು ಬೆರಳು ತೋರಿಸಿದಳು. ಫೆಬ್ರವರಿಯಲ್ಲಿ ಒಮ್ಮೆ ಒಂಬತ್ತು, ಒಮ್ಮೆ ಆರು. ಇಷ್ಟು ಸಣ್ಣ ಲೆಕ್ಕದಿಂದ ದೊಡ್ಡ ಮಾತು ಹೇಳಲಾರೆ. ಮಕ್ಕಳ ಓದೂ ಅಷ್ಟರಲ್ಲಿ ಸುಧಾರಿಸಿತ್ತಲ್ಲ, ಅದೂ ಕಾರಣ ಇರಬಹುದು.

ಹೆಡ್ ಮಾಸ್ತರಿಗೆ ಗಣರಾಜ್ಯ ದಿನಕ್ಕೆ ಓದಿನ ಬಹುಮಾನ ಇಡುವ ಆಸೆ ಇತ್ತು. "ಕೊಡೋಣ ಸರ್, ಮೊದಲೇ ಹೇಳೋದು ಬೇಡ" ಅಂದೆ. ಧ್ವಜ ಹಾರಿಸಿದ ಮೇಲೆ 23 ಮಕ್ಕಳಿಗೂ ಒಂದೊಂದು ಪುಸ್ತಕ ಕೊಟ್ಟೆವು. ಯಾರಿಗೂ ಗೊತ್ತಿರಲಿಲ್ಲ, ಚೆನ್ನಾಗಿತ್ತು. ಮಾರನೇ ದಿನವೇ ಐದನೇ ತರಗತಿಯವನೊಬ್ಬ ಬಂದು ಕೇಳಿದ. "ಮುಂದಿನ ವರ್ಷವೂ ಜನವರಿ 26ಕ್ಕೆ ಕೊಡ್ತೀರಲ್ವಾ ಅಕ್ಕೋರೆ? ಎಷ್ಟು ಓದಿರ್ಬೇಕು?" ಮುಂದಿನ ವರ್ಷ ಬೇರೆ ಯಾವುದಾದರೂ ದಿನ ಹುಡುಕಬೇಕು.