ಚಪ್ಪಟೆಯಾಗಿ ಮಲಗಿದ ಗೆರೆ: ಬಿ.ಎ. ತರಗತಿಯಲ್ಲಿ ಲಿಕ್ವಿಡಿಟಿ ಟ್ರ್ಯಾಪ್ ಆಡಿಸಿದ್ದು

ರಿಸರ್ವ್ ಬ್ಯಾಂಕ್ ಎಷ್ಟು ಹಣ ಬಿಟ್ಟರೂ ಬಡ್ಡಿ ಇಳಿಯದೆ, ಹಣ ಜನರ ಕೈಯಲ್ಲೇ ಕೂತುಬಿಡೋದೇ ಲಿಕ್ವಿಡಿಟಿ ಟ್ರ್ಯಾಪ್. ಯಾವ ಬಡ್ಡಿಗೆ ಜನ ಎಷ್ಟು ಹಣ ಕೈಯಲ್ಲಿಟ್ಟುಕೊಳ್ಳುತ್ತಾರೆ ಅಂತ ತೋರಿಸುವ ಹಣದ ಬೇಡಿಕೆಯ ರೇಖೆ ಆಗ ಬಲಗಡೆ ಯಾಕೆ ಚಪ್ಪಟೆ ಆಗುತ್ತೆ ಅಂತ ದಾವಣಗೆರೆಯ ನನ್ನ ತರಗತಿಗೆ ವರ್ಷಗಟ್ಟಲೆ ಬೋರ್ಡ್ ಮೇಲೆ ಹೇಳಿದೆ. ಎಲ್ಲರೂ ಚಿತ್ರ ಬರೆದು ಅಂಕ ತಗೊಂಡರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಆಟ ಆಡಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. ‘ಪೋರ್ಷನ್ ಮುಗಿಸಿ ಸಾರ್ ಮೊದಲು’ ಅಂದರು.

ವರ್ಷಕ್ಕೆ 5 ರೂಪಾಯಿ ಕೊಡುವ, ಅವಧಿಯೇ ಇಲ್ಲದ ಬಾಂಡ್ ಚೀಟಿ ಮಾಡಿಸಿದೆ. ನಾನೇ ರಿಸರ್ವ್ ಬ್ಯಾಂಕ್. ನಕಲಿ ನೋಟು ಕೊಟ್ಟು ಹುಡುಗರಿಂದ ಬಾಂಡ್ ಕೊಳ್ಳುತ್ತೇನೆ. ಮೊದಮೊದಲು ಗೆರೆ ಚಪ್ಪಟೆ ಆಗಲೇ ಇಲ್ಲ. ನಾನು ಕೊಂಡಷ್ಟೂ ಬೆಲೆ ಏರುತ್ತಲೇ ಹೋಯಿತು. ಬಡ್ಡಿ ಮತ್ತೆ ಏರಬಹುದು ಅನ್ನೋ ಭಯ ಅವರಿಗಿರಲಿಲ್ಲ, ಸೋತರೂ ಕಳಕೊಳ್ಳೋದೇನೂ ಇರಲಿಲ್ಲ. ಆಮೇಲೆ ಗೆದ್ದವರಿಗೆ ಬೆಣ್ಣೆ ದೋಸೆ ಅಂದೆ. ಪ್ರತಿ ಸುತ್ತಿನ ಕೊನೆಗೆ ಬಡ್ಡಿ ಏರಿಸುವ ಅಥವಾ ಇಳಿಸುವ ಒಂದು ಚೀಟಿ ಎತ್ತಿಸಿದೆ. ಎಷ್ಟು ಏರುವ ಚೀಟಿ, ಎಷ್ಟು ಇಳಿಯುವ ಚೀಟಿ ಅನ್ನೋದು ನನ್ನ ಗುಟ್ಟು, ಹೇಳಲ್ಲ. ಜೆರಾಕ್ಸು, ದೋಸೆ ಸೇರಿ ಏಳೆಂಟು ನೂರು ಕೈಯಿಂದ ಹೋಯಿತು.

5 ರೂಪಾಯಿಯನ್ನು ಬಡ್ಡಿದರದಿಂದ ಭಾಗಿಸಿದರೆ ಬಾಂಡ್ ಬೆಲೆ. ಬಡ್ಡಿ 10% ಇದ್ದಾಗ ಅದು 50. ಬಡ್ಡಿ 10.5% ಆದರೆ ಬೆಲೆ 47.60ರ ಹತ್ತಿರ. ಎರಡೂವರೆ ರೂಪಾಯಿ ಹೋದರೂ ಬಡ್ಡಿಯ 5 ರೂಪಾಯಿ ಕೈಯಲ್ಲಿರುತ್ತೆ. ಹಾಗಾಗಿ ಬಾಂಡ್ ಬಿಡಲ್ಲ. ಜಾಸ್ತಿ ಬೆಲೆ ಕೊಟ್ಟರಷ್ಟೇ ಮಾರುತ್ತಾರೆ, ಬಡ್ಡಿ ಇಳಿಯುತ್ತೆ. 2%ಗೆ ಬಂದಾಗ ಬೆಲೆ 250. ಅಲ್ಲಿಂದ ಬರೀ ಅರ್ಧ ಪರ್ಸೆಂಟ್ ಏರಿದರೆ 200. ಹತ್ತು ವರ್ಷದ ಬಡ್ಡಿ ಒಂದೇ ಏಟಿಗೆ ಹೋಯಿತು! 2.04% ಆದರೂ ಸಾಕು, ಒಂದು ವರ್ಷದ ಬಡ್ಡಿ ಹೋದ ಹಾಗೆ. ಇಷ್ಟು ಲೆಕ್ಕ ಹಾಕಿದ ಮೇಲೆ 250ಕ್ಕೆ ಇಡೀ ತರಗತಿ ಮಾರೋಕೆ ನುಗ್ಗಿತು. ಎಷ್ಟು ಕೊಂಡರೂ ಬೆಲೆ ಅಲ್ಲಾಡಲಿಲ್ಲ. ನೋಟು ಅವರ ಡೆಸ್ಕಿನಲ್ಲೇ ಕೂತವು. ಬೋರ್ಡಿನಲ್ಲಿ ಚುಕ್ಕಿ ಸೇರಿಸಿದರೆ ಗೆರೆ ಚಪ್ಪಟೆಯಾಗಿ ಮಲಗಿತ್ತು. ಹಣದ ಪೂರೈಕೆಯ ಲಂಬ ಗೆರೆಯನ್ನು ಬಲಕ್ಕೆ ತಳ್ಳಿದರೂ ಬಡ್ಡಿ ಅಲ್ಲೇ. ಬಡ್ಡಿ ಇಳಿಯದೆ ನಮ್ಮೂರ ಮಂಡಕ್ಕಿ ಭಟ್ಟಿಯವರು ಹೊಸ ಯಂತ್ರಕ್ಕೆ ಸಾಲ ಯಾಕೆ ಮಾಡ್ತಾರೆ, ಅಲ್ವಾ? ನಕ್ಕಿದ್ದವರಲ್ಲೇ ಇಬ್ಬರು ಆಮೇಲೆ ಚೀಟಿ ಕೇಳಿಕೊಂಡು ಬಂದರು.

ಸುಮ್ನೆ ಇನ್ನೊಂದು ನೋಡಿದೆ. ಒಂದೇ ವರ್ಷದ ಬಾಂಡ್ ಚೀಟಿ ಇಟ್ಟು ಬಡ್ಡಿಯನ್ನು ಸೊನ್ನೆಯ ಹತ್ತಿರ ತಂದೆ. ನೋಟಿಗೂ ಚೀಟಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಬದಲಾಯಿಸಿಕೊಂಡರೂ ಯಾರ ನಡವಳಿಕೆಯೂ ಬದಲಾಗಲಿಲ್ಲ. ಜಪಾನಿನಲ್ಲಿ 2001ರಿಂದ 2006ರವರೆಗೆ ಬ್ಯಾಂಕುಗಳ ಖಾತೆಗೆ ಹಣ ಸುರಿದರೂ ಬೆಲೆ, ಸಾಲ ಎರಡೂ ಮಂದವಾಗೇ ಇದ್ದದ್ದಕ್ಕೆ ಇದೂ ಒಂದು ಕಾರಣ.

ಕೊನೆಗೆ, ಮುಂದಿನ ಕೆಲವು ಸುತ್ತು ಬಡ್ಡಿ ಏರಿಸಲ್ಲ ಅಂತ ಹೇಳಿ, ಏರುವ ಚೀಟಿಗಳನ್ನು ಎಲ್ಲರ ಕಣ್ಣೆದುರೇ ತೆಗೆದೆ. ಆಗ ಮಾರುವವರು ಕಮ್ಮಿಯಾದರು. ಬೆಲೆ 270 ದಾಟಿತು, ಬಡ್ಡಿ 1.8%ರ ಆಸುಪಾಸಿಗೆ ಇಳಿಯಿತು. ಬರೀ ಬಾಯಿಮಾತಲ್ಲಿ ಹೇಳಿ ಚೀಟಿ ಒಳಗೇ ಬಿಟ್ಟ ಬ್ಯಾಚಿನಲ್ಲಿ ಮಾತ್ರ ಬೆಲೆ 250ರಲ್ಲೇ ನಿಂತಿತ್ತು.