ನಾಲ್ಕು ತಟ್ಟೆ: ಒಂದು ಸಾಲು, ಮೂರು ಸಲ

ಅಣ್ಣ ಕೆಲಸಕ್ಕೆ ಅಂತ ಊರು ಬಿಟ್ಟ ಮೇಲೂ ನಮ್ಮಮ್ಮ ರಾತ್ರಿ ಊಟಕ್ಕೆ ನಾಲ್ಕು ಸ್ಟೀಲ್ ತಟ್ಟೆ ಇಡುತ್ತಿದ್ದಳು. ಒಂದು ಖಾಲಿಯೇ ಉಳಿಯುತ್ತಿತ್ತು. ಊಟ ಆದಮೇಲೆ ಅದನ್ನೂ ಉಳಿದ ಮೂರರ ಜೊತೆ ತೊಳೆದು ಕವುಚಿ ಹಾಕುತ್ತಿದ್ದಳು. ಇದನ್ನು ಹಾಡು ಮಾಡಬೇಕು ಅಂತ ಎಷ್ಟೋ ವರ್ಷದಿಂದ ಇತ್ತು. ಬರೆಯಲು ಕೂತಾಗ ಮೊದಲು ಬಂದದ್ದು ಒಂದೇ ಸಾಲು: ‘ನಾಲ್ಕು ತಟ್ಟೆ ಇಟ್ಟಳಮ್ಮ.’

ಈ ಸಾಲು ಪ್ರತಿ ನುಡಿಯ ಕೊನೆಗೆ ಬರಬೇಕು ಅನ್ನೋದು ಆಗಲೇ ಗೊತ್ತಿತ್ತು. ಹೇಗೆ ಬರಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ದಾಸರ ಪದಗಳಲ್ಲಿ ಪಲ್ಲವಿ ಬದಲಾಗುವುದಿಲ್ಲ. ಚರಣ ಹೊಸದೇನನ್ನೋ ಹೇಳುತ್ತೆ, ಪಲ್ಲವಿ ಅದೇ ಮಾತಿಗೆ ತಂದು ನಿಲ್ಲಿಸುತ್ತೆ. ಅಲ್ಲಿ ಅದೇ ಸರಿ. ನನಗೆ ಬೇಕಾಗಿದ್ದದ್ದು ಬೇರೆ. ನನ್ನ ಹಾಡಿನಲ್ಲಿ ಕಾಲ ಓಡುತ್ತೆ, ಮನೆ ಖಾಲಿಯಾಗುತ್ತಾ ಹೋಗುತ್ತೆ. ಆ ಸಾಲಿಗೂ ಅದರ ಬಿಸಿ ತಟ್ಟಬೇಕು. ಆದರೆ ಕೇಳುವವರಿಗೆ ‘ಅದೇ ಸಾಲು’ ಅನ್ನಿಸಲೂಬೇಕು.

ಮೊದಲ ಪ್ರಯತ್ನ ಕೆಟ್ಟದಾಗಿತ್ತು. ನಾಲ್ಕು ತಟ್ಟೆ, ಮೂರು ತಟ್ಟೆ, ಎರಡೇ ತಟ್ಟೆ, ಒಂದೇ ತಟ್ಟೆ ಅಂತ ಇಳಿಸುತ್ತಾ ಬಂದಿದ್ದೆ. ಗೆಳೆಯನೊಬ್ಬನಿಗೆ ಓದಿ ಹೇಳಿದೆ. ಎರಡನೇ ನುಡಿ ಮುಗಿಯುವಷ್ಟರಲ್ಲಿ ಅವನು ನಕ್ಕುಬಿಟ್ಟ. "ಕೊನೆಗೆ ಒಂದು ಉಳಿಯತ್ತೆ, ಅಲ್ವಾ?" ಅಂದ. ಕಳೆಯುವ ಲೆಕ್ಕ ಹಾಕಿದ ಹಾಗಿತ್ತು. ಸಾಲು ತಾನೇ ಕಥೆ ಹೇಳಿಬಿಡುತ್ತಿತ್ತು, ಮೇಲಿನ ಮೂರು ಸಾಲಿಗೆ ಮಾಡಲು ಕೆಲಸವೇ ಇರಲಿಲ್ಲ. ಇನ್ನೂ ದೊಡ್ಡ ತಪ್ಪು ಅಂದರೆ ಅದು ಸುಳ್ಳು. ಅಮ್ಮ ತಟ್ಟೆ ಕಡಿಮೆ ಮಾಡಲೇ ಇಲ್ಲವಲ್ಲ, ನಾನು ಬರೆಯಲು ಹೊರಟಿದ್ದೇ ಅದನ್ನು.

ಹಾಗಾಗಿ ಸಂಖ್ಯೆ ಮುಟ್ಟಬಾರದು ಅಂತ ತೀರ್ಮಾನ ಮಾಡಿದೆ. ನಾಲ್ಕು ನಾಲ್ಕಾಗಿಯೇ ಇರಲಿ. ಮತ್ತೆ ಬದಲಾಯಿಸಲು ಉಳಿದದ್ದೇನು?

ಇಲ್ಲಿ ಕನ್ನಡ ಕೈ ಹಿಡಿಯಿತು. ನಮ್ಮ ಭಾಷೆಯಲ್ಲಿ ಪದದ ಬಾಲಕ್ಕೆ ಒಂದು ಅಕ್ಷರ ಅಂಟಿಸಿದರೆ ಅರ್ಥ ಎಲ್ಲಿಗೋ ಹೋಗುತ್ತೆ. ‘ನಾಲ್ಕು’ ಅಂದರೆ ಬರೀ ಎಣಿಕೆ. ‘ನಾಲ್ಕೇ’ ಅಂದರೆ ಸಾಲದು ಅನ್ನುವ ದೂರು. ‘ನಾಲ್ಕೂ’ ಅಂದರೆ ಒಂದನ್ನೂ ಬಿಡದೆ, ಎಲ್ಲವನ್ನೂ. ನಾನು ಮೊದಲು ‘ನಾಲ್ಕೇ ತಟ್ಟೆ’ ಹಾಕಿ ನೋಡಿದೆ. ಅಮ್ಮ ಬಡವಿಯಾದಳು, ಮನೆಗೆ ನೆಂಟರು ಬಂದು ತಟ್ಟೆ ಸಾಲದಾದ ಹಾಗೆ ಕೇಳಿಸಿತು. ‘ನಾಲ್ಕೂ ತಟ್ಟೆ’ ಅಂದ ಕೂಡಲೇ ಸರಿಯಾಯಿತು. ಉಣ್ಣುವವರು ಮೂರೇ ಜನ, ಆದರೂ ನಾಲ್ಕೂ. ಆ ‘ಆದರೂ’ ಅನ್ನುವ ಪದ ನಾನು ಬರೆಯಬೇಕಾಗಲಿಲ್ಲ, ದೀರ್ಘದೊಳಗೇ ಇತ್ತು.

ಕೊನೆಗೆ ಉಳಿದ ಹಾಡು ಇದು:

ಹಂಚ ಮೇಲೆ ಮಳೆಯ ಸದ್ದು
ಒಲೆಯ ಮುಂದೆ ಒದ್ದೆ ಚಡ್ಡಿ
ಅಪ್ಪ ಅಣ್ಣ ನಾನು ಸಾಲು
ನಾಲ್ಕು ತಟ್ಟೆ ಇಟ್ಟಳಮ್ಮ

ಅಣ್ಣ ಹೋಗಿ ವರುಷ ಆಯ್ತು
ಅವನ ಚಾಪೆ ಸುರುಳಿ ಹಾಗೆ
ಅಪ್ಪ ತಲೆಯ ಎತ್ತಲಿಲ್ಲ
ನಾಲ್ಕೂ ತಟ್ಟೆ ಇಟ್ಟಳಮ್ಮ

ಊರು ಬೇರೆ ಮನೆಯು ಬೇರೆ
ಕುಕರು ಕೂಗಿ ಸುಮ್ಮನಾಯ್ತು
ಉಣ್ಣುವವನು ನಾನು ಮಾತ್ರ
ನಾಲ್ಕು ತಟ್ಟೆ ಇಟ್ಟೆನಮ್ಮ

(ಕುಕ್ಕರ್ ಅಂತಲೇ ಬರೆದರೆ ಒಂದು ಮಾತ್ರೆ ಜಾಸ್ತಿ. ಅದಕ್ಕೇ ‘ಕುಕರು’. ಇದಕ್ಕೆ ಬೈದವರಿದ್ದಾರೆ.)

ಮೂರನೇ ನುಡಿಯ ತಿರುವು ನನಗೆ ಹೊಳೆದದ್ದು ಬಹಳ ತಡವಾಗಿ. ಅಮ್ಮ ತೀರಿಕೊಂಡ ಮೇಲಿನ ನುಡಿ ಅದು. ಅಲ್ಲಿ ‘ಇಟ್ಟಳು’ ಬರಲು ಸಾಧ್ಯವಿಲ್ಲ. ‘ನಾಲ್ಕು ತಟ್ಟೆ ಇಡುವರಿಲ್ಲ’ ಅಂತೊಂದು ಬರೆದಿದ್ದೆ. ಅಳು ತರಿಸುವ ಸಾಲು, ಆದರೆ ಅದು ಬೇರೆಯೇ ಸಾಲು. ಒಂದು ದಿನ ಸುಮ್ನೆ ‘ಇಟ್ಟಳಮ್ಮ’ ಪದವನ್ನು ಬಿಡಿಸಿ ಬರೆದೆ: ಇಟ್ಟಳು, ಅಮ್ಮ. ಇಲ್ಲಿ ಅಮ್ಮ ಇಟ್ಟವಳು. ಅದೇ ಜಾಗದಲ್ಲಿ ‘ಇಟ್ಟೆನು, ಅಮ್ಮ’ ಅಂದರೆ? ಇಟ್ಟವನು ನಾನು, ‘ಅಮ್ಮ’ ಅನ್ನೋದು ಕರೆಯಾಯಿತು. ಎರಡು ಸಲ ಅವಳ ಬಗ್ಗೆ ಹೇಳಿದ್ದು, ಮೂರನೇ ಸಲ ಅವಳಿಗೇ ಹೇಳಿದಂತಾಯಿತು. ಹೆಚ್ಚುಕಡಿಮೆ ಒಂದೇ ಅಕ್ಷರದ ವ್ಯತ್ಯಾಸ, ‘ಳ’ ಹೋಗಿ ‘ನ’ ಬಂತು. ಮಾತ್ರೆ ಕೂಡ ಅಷ್ಟಕ್ಕಷ್ಟೇ. ಇಟ್ಟ-ಳಮ್ಮ ಮೂರು ಮೂರು, ಇಟ್ಟೆ-ನಮ್ಮ ಮೂರು ಮೂರು.

ಗಮನಿಸಿ, ಮೂರನೇ ಸಲ ‘ನಾಲ್ಕೂ’ ಇಲ್ಲ, ಮತ್ತೆ ‘ನಾಲ್ಕು’. ದೀರ್ಘವನ್ನೂ ಉಳಿಸಿಕೊಂಡು ಕ್ರಿಯಾಪದವನ್ನೂ ಬದಲಿಸಿ ನೋಡಿದ್ದೆ. ಕೆಲಸ ಮಾಡಲಿಲ್ಲ. ‘ನಾಲ್ಕೂ ತಟ್ಟೆ ಇಟ್ಟೆ’ ಅಂದರೆ ನಾನು ಬೇಕಂತಲೇ, ಹಟಕ್ಕೆ ಬಿದ್ದು ಇಟ್ಟ ಹಾಗಾಗುತ್ತೆ. ‘ನಾಲ್ಕು’ ಅಂದಾಗ ಕೈ ತಾನಾಗಿಯೇ ಇಟ್ಟಿತು ಅನ್ನಿಸುತ್ತೆ. ಹಾಗೆ ಅನ್ನಿಸಿದ ಮೇಲೆ ಎರಡನೇ ನುಡಿಯ ಅಮ್ಮ ಬೇರೆ ಥರ ಕಾಣುತ್ತಾಳೆ. ಮಗ ಬರಲಿ ಅಂತ ಕಾದು ಇಟ್ಟಳಾ? ಮರೆತು ಇಟ್ಟಳಾ? ಇಲ್ಲ, ಕೈಗೆ ಗೊತ್ತಿದ್ದ ಲೆಕ್ಕವೇ ಅಷ್ಟಾ? ಹಾಡಿನ ಒಳಗಿನ ಹುಡುಗನಿಗೆ ಆಗ ಇದು ತಿಳಿದಿರಲಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನುವ ನಿಯಮ ನಾನು ಕಲಿತದ್ದು ಇದೇ ಹಾಡಿನಿಂದ. ಕಾರಣ ಮಾತ್ರೆಯ ಜಗಳ. ನನ್ನ ಸಾಲು ಮೂರು ಮಾತ್ರೆಯ ನಾಲ್ಕು ಗಣ, ಒಟ್ಟು 12. ನಾಲ್ಕು (3), ತಟ್ಟೆ (3), ಇಟ್ಟ (3), ಳಮ್ಮ (3). ‘ನಾಲ್ಕೂ’ ಆದ ಕೂಡಲೇ ಮೊದಲ ಗಣ ನಾಲ್ಕು ಮಾತ್ರೆಯಾಗಿ ಸಾಲು 13ಕ್ಕೆ ಹೋಯಿತು. ಏ, ಊ, ಓ ಮೂರೂ ದೀರ್ಘ. ಹ್ರಸ್ವದಲ್ಲಿ ಮುಗಿಯುವ ಪದಕ್ಕೆ ಅವನ್ನು ಅಂಟಿಸಿದಾಗಲೆಲ್ಲ ಕಡೇಪಕ್ಷ ಒಂದು ಮಾತ್ರೆ ಏರುತ್ತೆ. ಛಂದಸ್ಸಿನಲ್ಲಿ ಬರೆಯುವವರು ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು, ನಾನು ಇಟ್ಟುಕೊಂಡಿರಲಿಲ್ಲ.

ಸರಿಪಡಿಸಲು ‘ತಟ್ಟೆ’ ತೆಗೆದು ‘ಎಲೆ’ ಹಾಕಿದೆ. ‘ನಾಲ್ಕೂ ಎಲೆ’ ಅಂದರೆ 4 ಮತ್ತು 2, ಒಟ್ಟು ಆರು. ಲೆಕ್ಕ ಕೂತಿತು. ಹಬ್ಬದ ದಿನ, ಅಣ್ಣ ಬರಲಿಲ್ಲ, ಬಾಳೆ ಎಲೆ ಅಂತ ಒಂದು ಕಥೆಯೂ ಸಿಕ್ಕಿತು. ಖುಷಿಯಾಗಿ ಓದಿದರೆ, ಕೇಳಿದವರೆಲ್ಲ ಎಲೆಯನ್ನೇ ಹಿಡಿದುಕೊಂಡರು. ತಟ್ಟೆ ಯಾಕೆ ಎಲೆಯಾಯಿತು ಅಂತ ಯೋಚಿಸುತ್ತಾ ಕೂತರು. ದೀರ್ಘ ಒಬ್ಬರ ಕಿವಿಗೂ ಬೀಳಲಿಲ್ಲ. ದೊಡ್ಡ ಬದಲಾವಣೆ ಪಕ್ಕದಲ್ಲಿದ್ದರೆ ಸಣ್ಣದು ಸತ್ತೇ ಹೋಗುತ್ತೆ. ಎಲೆ ಎತ್ತಿ ಬಿಸಾಕಿ 13 ಮಾತ್ರೆಯನ್ನೇ ಇಟ್ಟುಕೊಂಡೆ.

ಆಮೇಲೆ ಸಂಗೀತ ಗೊತ್ತಿರುವ ಗೆಳತಿಯೊಬ್ಬರು ಇದಕ್ಕೆ ರಾಗ ಹಾಕಿದರು. ಮೂರು ಮೂರರ ನಡೆ ಅಂತ ದಾದ್ರಾ ತಾಳ ಆರಿಸಿಕೊಂಡರು. ದಾದ್ರಾದಲ್ಲಿ ಆರು ಮಾತ್ರೆ, ಮೊದಲನೆಯದಕ್ಕೆ ಚಪ್ಪಾಳೆ, ನಾಲ್ಕನೆಯದು ಖಾಲಿ. ಮೊದಲ ನುಡಿಯಲ್ಲಿ ‘ತಟ್ಟೆ’ ಅನ್ನುವ ಪದ ಸರಿಯಾಗಿ ಖಾಲಿಯ ಮೇಲೆ ಶುರುವಾಗುತ್ತೆ. ಎರಡನೇ ನುಡಿಯಲ್ಲಿ ‘ಕೂ’ ಮೂರನೇ ಮಾತ್ರೆಯಲ್ಲಿ ಹುಟ್ಟಿ ಖಾಲಿಯ ಮೇಲೆ ಚಾಚಿಕೊಳ್ಳುತ್ತೆ. ತಟ್ಟೆ ಒಂದು ಮಾತ್ರೆ ತಡವಾಗಿ, ಉಳಿದ ಎರಡರಲ್ಲೇ ಅವಸರವಾಗಿ ಬರುತ್ತೆ. "ಇಲ್ಲಿ ಎಡವಿದ ಹಾಗಾಗತ್ತಲ್ಲ, ಸರಿ ಮಾಡ್ಲಾ?" ಅಂತ ಅವರು ಕೇಳಿದರು. ಬೇಡ ಅಂದೆ. ಓದುವಾಗ ತಪ್ಪು ಅನ್ನಿಸಿದ್ದು ಹಾಡುವಾಗ ಸರಿಯಾದ ಜಾಗದಲ್ಲೇ ಎಡವುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ಜಗಳವಾಯಿತು. ಸುಗಮ ಸಂಗೀತದ ರೂಢಿಯಂತೆ ಅವರು ‘ನಾಲ್ಕು ತಟ್ಟೆ ಇಟ್ಟಳಮ್ಮ’ವನ್ನು ಪಲ್ಲವಿ ಮಾಡಿ ಪ್ರತಿ ನುಡಿಯ ನಂತರ ಅದಕ್ಕೇ ಮರಳಿದರು. ಎರಡನೇ ನುಡಿ ‘ನಾಲ್ಕೂ’ ಅಂತ ಮುಗಿದ ಮರುಕ್ಷಣ ಮತ್ತೆ ‘ನಾಲ್ಕು’. ಮೂರನೆಯದು ‘ಇಟ್ಟೆನಮ್ಮ’ ಅಂತ ನಿಂತ ಕೂಡಲೇ ‘ಇಟ್ಟಳಮ್ಮ’. ಅಮ್ಮ ಎದ್ದು ಬಂದ ಹಾಗೆ! ಕೊನೆಗೆ ಪಲ್ಲವಿ ತೆಗೆದು ನುಡಿಗಳ ನಡುವೆ ಬರೀ ಕೊಳಲು ಇಟ್ಟರು. ಕೊನೆಯ ಸಾಲಿನ ಸ್ವರ ಮಾತ್ರ ಮೂರು ಸಲವೂ ಒಂದೇ ಇರಲಿ ಅಂತ ಕೇಳಿಕೊಂಡೆ. ಸ್ವರವೂ ಬದಲಾದರೆ ಕಿವಿ ಅದರ ಹಿಂದೆ ಹೋಗುತ್ತೆ, ಅಕ್ಷರ ಕೇಳಿಸುವುದಿಲ್ಲ.

ಇನ್ನೊಂದು ತೊಂದರೆ ಓದಿದವರು ತೋರಿಸಿಕೊಟ್ಟದ್ದು. ಮೊದಲ ಕರಡಿನಲ್ಲಿ ಮೊದಲ ನುಡಿಯ ಮೂರನೇ ಸಾಲು ‘ಹಸಿವು ಎಂದು ಕೂಗುವಾಗ’ ಅಂತಿತ್ತು. ಒಬ್ಬರು ಕೇಳಿದರು, "ಯಾರು ಇಟ್ಟಿದ್ದು? ‘ಇಟ್ಟಳಮ್ಮ’ ಅಂತ ಯಾರಿಗೆ ಹೇಳ್ತಿದ್ದೀರಿ?" ನಿಜ. ‘ಕೇಳಮ್ಮ’, ‘ಬಂದಳಮ್ಮ’ ಅಂತ ಎದುರಿಗಿದ್ದವರಿಗೆ ಹೇಳುವ ರೂಢಿ ನಮ್ಮಲ್ಲಿದೆ. ಮೊದಲ ನುಡಿಯಲ್ಲೇ ಅಮ್ಮ ಕರೆಯಂತೆ ಕೇಳಿಸಿದರೆ ಮೂರನೇ ನುಡಿಗೆ ಏನೂ ಉಳಿಯುವುದಿಲ್ಲ. ಅದಕ್ಕೆ ‘ಅಪ್ಪ ಅಣ್ಣ ನಾನು ಸಾಲು’ ಬಂತು. ಕೂತವರು ಮೂವರು, ತಟ್ಟೆ ನಾಲ್ಕು, ಅಂದರೆ ಇಟ್ಟವಳೇ ನಾಲ್ಕನೆಯವಳು. ಸಂಶಯ ಹೋಯಿತು, ಎರಡನೇ ನುಡಿಯಲ್ಲಿ ಯಾರು ಕಡಿಮೆ ಅನ್ನುವ ಲೆಕ್ಕವೂ ತಾನಾಗೇ ಸಿಕ್ಕಿತು.

ಈಗ ಇಂಥ ಹಾಡು ಬರೆದಾಗ ಒಂದು ಪರೀಕ್ಷೆ ಮಾಡುತ್ತೇನೆ. ಮರುಕಳಿಸುವ ಸಾಲುಗಳ ಜಾಗ ಅದಲು ಬದಲು ಮಾಡಿ ಓದುತ್ತೇನೆ. ‘ನಾಲ್ಕೂ’ ಮೊದಲ ನುಡಿಗೆ ಹೋದರೆ? ಯಾರೂ ಕಾಣೆಯಾಗಿಲ್ಲದ ಮನೆಯಲ್ಲಿ ಆ ದೀರ್ಘಕ್ಕೆ ಕೆಲಸವಿಲ್ಲ, ಪೆದ್ದುಪೆದ್ದಾಗಿ ಕೇಳುತ್ತೆ. ಹಾಗೆ ಕೇಳಬೇಕು. ಎಲ್ಲಿ ಇಟ್ಟರೂ ನಡೆಯುತ್ತೆ ಅಂದರೆ ಬದಲಾವಣೆ ಅಲಂಕಾರಕ್ಕೆ ಬಂದಿದೆ ಅಂತ ಅರ್ಥ, ಮೂಲ ಸಾಲಿಗೇ ಮರಳುತ್ತೇನೆ. ನಾಲ್ಕನೇ ನುಡಿಯೂ ಒಂದಿತ್ತು, ‘ಇಡುವೆನಮ್ಮ’ ಅಂತ ಮುಗಿಯುತ್ತಿತ್ತು. ಮೂರನೆಯದು ಹೇಳಿದ್ದನ್ನೇ ಅದು ಆಣೆ ಮಾಡಿ ಹೇಳುತ್ತಿತ್ತು. ಕತ್ತರಿಸಿದೆ.

ಹಾಡನ್ನು ಒಂದು ಪತ್ರಿಕೆಗೆ ಕಳಿಸಿದೆ. ಅಚ್ಚಾಗಿ ಬಂತು. ತೆರೆದು ನೋಡಿದರೆ ಎರಡನೇ ನುಡಿಯಲ್ಲಿ ‘ನಾಲ್ಕು ತಟ್ಟೆ’ ಅಂತಿದೆ. ಕರಡು ತಿದ್ದಿದವರು ದೀರ್ಘವನ್ನು ಅಚ್ಚಿನ ತಪ್ಪು ಅಂದುಕೊಂಡು ಸರಿ ಮಾಡಿದ್ದರು. ಅವರನ್ನು ದೂರುವ ಹಾಗೂ ಇಲ್ಲ, ಮಾತ್ರೆ ಎಣಿಸಿದವರು ಯಾರಾದರೂ ಹಾಗೇ ಮಾಡುತ್ತಾರೆ. ಈಗ ಎಲ್ಲಿಗೆ ಕಳಿಸಿದರೂ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುತ್ತೇನೆ: ‘ಎರಡನೇ ನುಡಿಯ ದೀರ್ಘ ತಪ್ಪಲ್ಲ, ದಯವಿಟ್ಟು ಹಾಗೇ ಬಿಡಿ.’